ಅಮ್ಮನ ಮುಖ, ಮದುವೆಯ ಸೀರೆ

ನಾಲ್ಕೈದು ಫೋಟೋ ಕೊಟ್ಟು ಒಬ್ಬರ ಮುಖವನ್ನು ಚಿತ್ರ ಬಿಡಿಸುವ ಮಾಡೆಲ್‌ಗೆ ಕಲಿಸಬಹುದು. 2022ರಲ್ಲಿ ಬಂದ ಡ್ರೀಮ್‌ಬೂತ್ ಎನ್ನುವ ವಿಧಾನ ಮಾಡೋದು ಇದನ್ನೇ. ಆದರೆ ಮುಖ ಯಾವುದು, ಬಟ್ಟೆ ಯಾವುದು ಅಂತ ಮಾಡೆಲ್‌ಗೆ ಯಾರೂ ಹೇಳಿರೋದಿಲ್ಲ. ಎಲ್ಲ ಫೋಟೋಗಳಲ್ಲೂ ಸಮಾನವಾಗಿ ಏನಿದೆಯೋ ಅದೇ ಆ ವ್ಯಕ್ತಿ ಅಂತ ಅದು ತಿಳಿದುಕೊಳ್ಳುತ್ತೆ. ತೊಂದರೆ ಶುರುವಾಗೋದು ಇಲ್ಲೇ.

ನನ್ನ ಮಗಳಿಗೆ ಒಂದು ಕತೆಪುಸ್ತಕ ಮಾಡಬೇಕಿತ್ತು. ಶಿವಮೊಗ್ಗದ ಅಜ್ಜಿ ಚಂದ್ರನ ಮೇಲೆ ಹೋಗುವ ಕತೆ. ಅಮ್ಮ ಒಪ್ಪಿದರು. ಕೈಯಲ್ಲಿದ್ದ ಏಳು ಫೋಟೋಗಳಲ್ಲಿ ಐದು ಒಂದೇ ಮದುವೆಯವು: ಅದೇ ಮೆರೂನ್ ರೇಷ್ಮೆ ಸೀರೆ, ಹಿಂದೆ ಅದೇ ಹೂವಿನ ಮಂಟಪ. ಹೋಲಿಸಿ ನೋಡೋಕೆ ಒಂದು ಅಳತೆ ಇರಲಿ ಅಂತ ಮೊದಲು ಈ ಏಳನ್ನೇ ಹಾಕಿ ಓಡಿಸಿದೆ. ಗಗನಯಾತ್ರಿಯ ಉಡುಪು ಕೇಳಿದರೆ ಅದರ ಕುತ್ತಿಗೆಯಲ್ಲಿ ಜರಿ ಅಂಚು, ಚಂದ್ರನ ನೆಲದ ಹಿಂದೆ ಚೆಂಡುಹೂವು!

ಇದಕ್ಕೆ ಮೊದಲ ಮದ್ದು ಫೋಟೋಗಳಲ್ಲೇ ಇದೆ. ಮದುವೆಯ ಐದರಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡೆ, ಅವನ್ನೂ ಭುಜದವರೆಗೆ ಕತ್ತರಿಸಿದೆ. ಹೊಸ ಫೋಟೋ ಬೇಕು ಅಂದಾಗ ಅಮ್ಮ, "ಈಗ ನೈಟೀಲಿ ಇದೀನಿ ಕಣೇ, ಆಮೇಲೆ" ಅಂದರು. ನನಗೆ ಬೇಕಿದ್ದದ್ದೇ ಅದು. ಅಪ್ಪ ಆರು ಫೋಟೋ ತೆಗೆದರು: ಅಡುಗೆಮನೆಯಲ್ಲಿ ನೈಟಿ, ಅಂಗಳದಲ್ಲಿ ಹತ್ತಿ ಸೀರೆ, ಸಂಜೆ ಶಾಲು ಹೊದ್ದು ಜಗಲಿಯಲ್ಲಿ, ಹೀಗೆ. ಬೆಳಕು, ಬಟ್ಟೆ, ಹಿನ್ನೆಲೆ ಎಲ್ಲ ಬದಲಾಗಬೇಕು, ಮುಖ ಒಂದೇ ಉಳಿಯಬೇಕು. ಒಟ್ಟು ಹತ್ತು ಫೋಟೋ ಸಾಕಾಯ್ತು.

ಎರಡನೆಯದು ವಿವರಣೆ. ಡಿಫ್ಯೂಸರ್ಸ್‌ನ ಮೂಲ ಡ್ರೀಮ್‌ಬೂತ್ ಸ್ಕ್ರಿಪ್ಟ್ ಎಲ್ಲ ಫೋಟೋಗಳಿಗೂ ಒಂದೇ ವಾಕ್ಯ ಬಳಸುತ್ತೆ. ಹಾಗಾಗಿ ಪ್ರತಿ ಫೋಟೋ ಪಕ್ಕ ಒಂದು ಟೆಕ್ಸ್ಟ್ ಫೈಲ್ ಓದಬಲ್ಲ ಸ್ಕ್ರಿಪ್ಟ್ ಬಳಸಿದೆ. ಮದುವೆಯ ಫೋಟೋಗೆ ಬರೆದದ್ದು ಇದು:

```
a photo of sks woman wearing a maroon silk sari, glasses, flower-decorated stage behind
```

`sks` ಅನ್ನೋದು ಅಮ್ಮನಿಗೆ ಇಟ್ಟ ಗುರುತು. ಸೀರೆ, ಮಂಟಪಗಳನ್ನು ಹೆಸರಿಟ್ಟು ಹೇಳಿದರೆ ಅವು ಆಯಾ ಪದಗಳಿಗೆ ಅಂಟಿಕೊಳ್ಳುತ್ತವೆ. ಹೇಳದೆ ಬಿಟ್ಟದ್ದು `sks`ಗೆ ಅಂಟುತ್ತೆ. ಅಂದರೆ ಬದಲಾಗಬೇಕಾದ್ದನ್ನು ಬರೆಯಬೇಕು, ಉಳಿಯಬೇಕಾದ್ದನ್ನು ಬರೆಯಬಾರದು.

ಆಗ ಒಂದು ಪ್ರಶ್ನೆ ಎದುರಾಯ್ತು. ಕನ್ನಡಕ, ಮೂಗುಬೊಟ್ಟು ಇವು ಉಡುಪೋ, ಮುಖವೋ? ಇದನ್ನು ನಾನು ತೀರ್ಮಾನಿಸುವುದು ಸರಿ ಅನ್ನಿಸಲಿಲ್ಲ, ಅಮ್ಮನನ್ನೇ ಕೇಳಿದೆ. "ಕನ್ನಡಕ ಬೇಕಾದ್ರೆ ತೆಗಿ. ಮೂಗುಬೊಟ್ಟು ತೆಗೆದ್ರೆ ಅದು ನಾನಲ್ಲ" ಅಂದರು. ಹಾಗಾಗಿ ಕನ್ನಡಕವನ್ನು ಬರೆದೆ, ಕನ್ನಡಕ ಇಲ್ಲದ ಫೋಟೋಗಳನ್ನೂ ಸೇರಿಸಿದೆ. ಮೂಗುಬೊಟ್ಟಿನ ಸುದ್ದಿಯನ್ನೇ ಎತ್ತಲಿಲ್ಲ.

ಮೂರನೆಯದು ಎಲ್ಲಿ ನಿಲ್ಲಿಸಬೇಕು ಅನ್ನೋದು. ಲಾಸ್ ಸಂಖ್ಯೆ ನೋಡಿ ಇದು ತಿಳಿಯೋದಿಲ್ಲ. ಪ್ರತಿ ಹೆಜ್ಜೆಯಲ್ಲೂ ಚಿತ್ರಕ್ಕೆ ಎಷ್ಟು ನಾಯ್ಸ್ ಸೇರಿಸುತ್ತಾರೆ ಅನ್ನೋದು ಬದಲಾಗುವುದರಿಂದ ಆ ಸಂಖ್ಯೆ ಮೇಲೆ ಕೆಳಗೆ ಕುಣಿಯುತ್ತಲೇ ಇರುತ್ತೆ. ಅದಕ್ಕೆ ಪ್ರತಿ 200 ಹೆಜ್ಜೆಗೊಮ್ಮೆ ಮಾಡೆಲ್ ಉಳಿಸಿ, ಪ್ರತಿ ಸಲವೂ ಅದೇ ಸೀಡ್‌ನಲ್ಲಿ ಇವೇ ಮೂರನ್ನು ಕೇಳಿದೆ:

```
sks woman in a spacesuit on the moon
sks woman in a yellow raincoat, beach
a photo of a woman
```

400ರಲ್ಲಿ ಬಂದವರು ಅಮ್ಮನಲ್ಲ, ಅಮ್ಮನ ದೂರದ ತಂಗಿಯಂತಿದ್ದರು. 800ರಲ್ಲಿ ಅಮ್ಮನೇ, ರೇನ್‌ಕೋಟ್ ಕೂಡ ಅಪ್ಪಟ ಹಳದಿ. 1200ಕ್ಕೆ ಮುಖ ಇನ್ನೂ ಹತ್ತಿರವಾಯ್ತು, ಆದರೆ ನಗು ಒಂದೇ ಅಚ್ಚಿನದಾಗಿ ಸಮುದ್ರದ ಹಿಂದೆ ನಮ್ಮ ಜಗಲಿಯ ಕಂಬ ಮೂಡಿತು. 800ನ್ನೇ ಇಟ್ಟುಕೊಂಡೆ. ನಿಮ್ಮ ಫೋಟೋಗಳಿಗೆ ಈ ಸಂಖ್ಯೆ ಬೇರೆ ಆಗಬಹುದು, ಆದರೆ ಹುಡುಕುವ ದಾರಿ ಇದೇ.

ಮೂರನೇ ಸಾಲಿನಲ್ಲಿ `sks` ಇಲ್ಲ, ಗಮನಿಸಿ. ಅಲ್ಲೂ ಅಮ್ಮ ಬಂದರೆ ಮಾಡೆಲ್ "ಹೆಂಗಸು" ಅಂದರೆ ಅಮ್ಮ ಒಬ್ಬರೇ ಅಂತ ತಿಳಿದಿದೆ ಅಂತ ಅರ್ಥ. ಇದನ್ನು ತಡೆಯೋಕೆ ಪ್ರಯರ್ ಪ್ರಿಸರ್ವೇಶನ್ ಇದೆ: ಮಾಡೆಲ್ ತಾನೇ ಬಿಡಿಸಿದ ಇನ್ನೂರು ಬೇರೆ ಬೇರೆ ಹೆಂಗಸರ ಚಿತ್ರಗಳನ್ನು ತರಬೇತಿಯಲ್ಲಿ ಜೊತೆಗೇ ತೋರಿಸುತ್ತಾ ಹೋಗೋದು. ಆದರೆ ಹತ್ತೂ ಫೋಟೋದಲ್ಲಿ ಒಂದೇ ಸೀರೆ ಇದ್ದರೆ ಇದೊಂದರಿಂದಲೇ ಸೀರೆ ಬಿಡೋದಿಲ್ಲ.

ಟೆಕ್ಸ್ಚುವಲ್ ಇನ್ವರ್ಷನ್ ಎನ್ನುವ ಇನ್ನೊಂದು ದಾರಿ ಮಾಡೆಲ್ಲನ್ನು ಮುಟ್ಟೋದೇ ಇಲ್ಲ, ಒಂದು ಹೊಸ ಪದವನ್ನಷ್ಟೇ ಕಲಿಯುತ್ತೆ. ಫೈಲ್ ಕೆಲವೇ ಕಿಲೋಬೈಟ್, "ಹೆಂಗಸು" ಪದವೂ ಕೆಡೋದಿಲ್ಲ. ಆದರೆ ನನಗೆ ಅದರಲ್ಲಿ ಸಿಕ್ಕಿದ್ದು ಅಮ್ಮನ ಛಾಯೆ ಮಾತ್ರ. ಮೊಮ್ಮಗಳು ಗುರುತು ಹಿಡಿಯುವಷ್ಟು ಹೋಲಿಕೆ ಬರಲಿಲ್ಲ.

ಡ್ರೀಮ್‌ಬೂತ್‌ಗೂ ಒಂದು ಮಿತಿ ಇದೆ. ಹತ್ತರಲ್ಲಿ ಒಂದೂ ಪಕ್ಕದಿಂದ ತೆಗೆದ ಫೋಟೋ ಇರಲಿಲ್ಲ. ಅಜ್ಜಿ ರಾಕೆಟ್ ಕಿಟಕಿಯಿಂದ ಹೊರಗೆ ನೋಡುವ ಪುಟದಲ್ಲಿ ಮಾಡೆಲ್ ಯಾರದ್ದೋ ಮೂಗು ಜೋಡಿಸಿತು, ಅದರ ಮೇಲೆ ಅಮ್ಮನ ಮೂಗುಬೊಟ್ಟು. ಆ ಪುಟಕ್ಕೆ ಅಜ್ಜಿ ನಮ್ಮ ಕಡೆ ತಿರುಗಿದ ಚಿತ್ರವನ್ನೇ ಹಾಕಿದೆ.