ಏಳು ರೂಪಾಯಿ ಬಾಕಿ

ಮೊನ್ನೆ ಟ್ರಂಕಿನ ತಳ ಕೆದರುವಾಗ ಒಂದು ನಲವತ್ತು ಪುಟದ ನೋಟುಬುಕ್ಕು ಸಿಕ್ಕಿತು. ಮೇಲೆ ನನ್ನದೇ ಅಕ್ಷರದಲ್ಲಿ ‘ಪಟ್ಟಿ ಲೆಕ್ಕ’ ಎಂದಿತ್ತು. ನಮ್ಮ ಸಿಂಧನೂರು ಕಡೆ ಪಟ್ಟಿ ಎತ್ತುವುದು ಎಂದರೆ ತಲೆಗಿಷ್ಟು ಎಂದು ಹಣ ಕೂಡಿಸುವುದು. ಗಣಪತಿಗೆ ಎತ್ತುತ್ತಾರೆ, ಜಾತ್ರೆಗೆ ಎತ್ತುತ್ತಾರೆ. ನಾನು ಎತ್ತಿದ್ದು ಬೇರೆ ಕಾರಣಕ್ಕೆ. ಆ ಕಾರಣ ಪಟ್ಟಿ ಕೊಟ್ಟವರಿಗೆಲ್ಲ ಗೊತ್ತಿತ್ತು ಎಂಬುದು ನನಗೆ ಬಹಳ ತಡವಾಗಿ ಗೊತ್ತಾಯಿತು.

ಸುಮಾರು ಇಪ್ಪತ್ತೈದು ವರ್ಷದ ಹಿಂದಿನ ಮಾತು. ನಾವು ಒಂಬತ್ತು ಜನ ಶಾಲಾ ಮಾಸ್ತರುಗಳು, ಅದರಲ್ಲಿ ನಾಲ್ಕು ಮಂದಿ ಟೀಚರಮ್ಮಗಳು. ಚಿತ್ರಕಲಾ ಮಾಸ್ತರ ಮತ್ತು ಅವರ ಹೆಂಡತಿ ಮಾತ್ರ ಸಂಸಾರಸ್ಥರು. ಆ ಹೆಣ್ಣುಮಗಳನ್ನು ನಾವೆಲ್ಲ ಅಕ್ಕಾರು ಎನ್ನುತ್ತಿದ್ದೆವು. ಅಕ್ಕಾರ ಶಾಲೆಗೆ ಸಾಗರದ ಕಡೆಯಿಂದ ವಿಜ್ಞಾನದ ಟೀಚರ್ ಒಬ್ಬರು ಹೊಸದಾಗಿ ಬಂದಿದ್ದರು. ಮಳೆಯ ಊರಿನಿಂದ ಬಂದವರು ನಮ್ಮ ಊರಿನ ಬಿಸಿಲನ್ನು ಒಬ್ಬ ತಂಟೆಕೋರ ಹುಡುಗನನ್ನು ನೋಡುವಂತೆ ನೋಡುತ್ತಿದ್ದರು. ಬೈಯುತ್ತಿರಲಿಲ್ಲ, ನಂಬುತ್ತಲೂ ಇರಲಿಲ್ಲ.

ಆಗ ಸಿಂಧನೂರಿನಲ್ಲಿ ಒಬ್ಬ ಹುಡುಗ ಒಬ್ಬ ಹುಡುಗಿಯ ಜೊತೆ ಚಹಾ ಕುಡಿದರೆ ಕಪ್ಪು ಆರುವುದರೊಳಗೆ ಸುದ್ದಿ ಗಾಂಧಿ ಸರ್ಕಲ್ ದಾಟುತ್ತಿತ್ತು. ಇನ್ನೊಂದು ದಾರಿ ಹೆಣ್ಣು ನೋಡುವ ಶಾಸ್ತ್ರ. ಅಲ್ಲಿ ಕಾಲು ತಾಸಿನಲ್ಲಿ ಉಪ್ಪಿಟ್ಟಿನ ರುಚಿ ತಿಳಿಯುತ್ತದೆಯೇ ಹೊರತು ಮಾಡಿದವರ ಸ್ವಭಾವ ತಿಳಿಯುವುದಿಲ್ಲ, ಎಷ್ಟೋ ಸಲ ಅದನ್ನು ಮಾಡಿದ್ದೂ ಅವರ ಚಿಕ್ಕಮ್ಮ. ಇವೆರಡರ ನಡುವೆ ಇದ್ದದ್ದು ಒಂದೇ ಓಣಿ: ಹಿಂಡಿನ ಜೊತೆ ಹೋಗುವುದು. ಒಂಬತ್ತು ಜನ ಹೋದರೆ ಅದು ಪ್ರವಾಸ, ಇಬ್ಬರು ಹೋದರೆ ಪ್ರಕರಣ.

ಆ ಸಲ ಎಳ್ಳಮಾಸಿಗೆ ಚಿತ್ರಕಲಾ ಮಾಸ್ತರ ತಮ್ಮ ಹೊಲಕ್ಕೆ ಚರಗ ಚೆಲ್ಲಲು ಎಲ್ಲರನ್ನೂ ಕರೆದರು. ಹೊಲ ಮಸ್ಕಿ ಹತ್ತಿರ. ಸಿಂಧನೂರಿನ ಸುತ್ತ ಎಡದಂಡೆ ಕಾಲುವೆ ನೀರು ಬಂದ ಮೇಲೆ ಎಲ್ಲಿ ನೋಡಿದರೂ ಭತ್ತ. ಭತ್ತದ ಕೆಸರಿನಲ್ಲಿ ಒಂಬತ್ತು ಜನ ಊಟಕ್ಕೆ ಕೂಡುವುದು ಹೇಗೆ? ಚರಗಕ್ಕೆ ಎರೆಹೊಲವೇ ಬೇಕು, ಎದೆಮಟ್ಟ ನಿಂತ ಬಿಳಿಜೋಳ ಬೇಕು, ಊಟಕ್ಕೆ ಕೂಡಲು ಬನ್ನಿಗಿಡದ ನೆರಳು ಬೇಕು. “ನೀವೂ ಬರ್ರಿ, ಆ ಹೊಸ ಟೀಚರೂ ಬರ್ತಾರ” ಎಂದು ಅಕ್ಕಾರು ನನಗೆ ಹೇಳಿದಾಗ, ಎರಡನೆಯ ಮಾತು ಕೇಳದವನಂತೆ “ಹೊಲ ನೋಡಿ ಬಾಳ ದಿನ ಆಗಿತ್ತು” ಎಂದೆ. ನಮ್ಮ ಮನೆಯ ಹಿತ್ತಲಿನ ಬಾಗಿಲು ತೆಗೆದರೆ ಹೊಲ.

ಒಂದು ಟ್ರ್ಯಾಕ್ಸ್ ಬಾಡಿಗೆಗೆ ಹಿಡಿದೆವು. ಆ ಗಾಡಿಯ ಆಸನಗಳ ಬಗ್ಗೆ ನಾನು ಹಿಂದಿನ ರಾತ್ರಿಯೇ ಮನನ ಮಾಡಿದ್ದೆ. ಹಿಂದಿನ ಭಾಗದಲ್ಲಿ ಎದುರುಬದುರು ಎರಡು ಬೆಂಚು. ಬಯಸಿದವರ ಪಕ್ಕದಲ್ಲಿ ಕೂತರೆ ಮುಖ ಕಾಣುವುದಿಲ್ಲ, ಗಾಡಿ ತಗ್ಗಿಗೆ ಬಿದ್ದಾಗಲೆಲ್ಲ ಭುಜ ತಾಗಿ ಮಾನ ಹೋಗುತ್ತದೆ. ನೇರ ಎದುರು ಕೂತರೆ ಮೊಣಕಾಲು ಮಡಿಚಿಡುವುದೇ ಒಂದು ಕೆಲಸ, ನೋಟ ಇಡಲು ಜಾಗವಿಲ್ಲ. ಓರೆಯಾಗಿ ಎದುರು, ಅವರ ಹಿಂದೆ ಕಿಟಕಿ ಇರುವಂತೆ ಕೂಡಬೇಕು. ಆಗ ನೀವು ತೊಗರಿ ಹೊಲ ನೋಡುತ್ತೀರಿ, ತೊಗರಿ ಹೊಲದ ಮುಂದೆ ಯಾರಿದ್ದಾರೆ ಎಂಬುದು ನಿಮ್ಮ ತಪ್ಪಲ್ಲ. ನನಗೆ ಆ ಜಾಗ ಸಿಗಲಿಲ್ಲ. ಪಿ.ಟಿ. ಮಾಸ್ತರ ಹತ್ತಿ ಕೂತಿದ್ದರು. ನಾನು ಡ್ರೈವರನ ಪಕ್ಕದಲ್ಲಿ ಎಣಗಾಯಿ ಪಲ್ಯದ ಡಬರಿ ತೊಡೆಯ ಮೇಲೆ ಇಟ್ಟುಕೊಂಡು ಮುಕ್ಕಾಲು ತಾಸು ಎಣ್ಣೆಯ ವಾಸನೆ ಕುಡಿದೆ.

ಹೊಲದಲ್ಲಿ ಐದು ಕಲ್ಲಿಟ್ಟು ಸುಣ್ಣ ಹಚ್ಚಿ ಪೂಜೆ ಮಾಡಿದರು. ಚಿತ್ರಕಲಾ ಮಾಸ್ತರರ ತಂದೆ ಮುಂದೆ ಚರಗ ಚೆಲ್ಲುತ್ತ ನಡೆದರು, ಹಿಂದೆ ಒಬ್ಬರು ನೀರು ಹಾಕುತ್ತ ಬಂದರು. ವಿಜ್ಞಾನದ ಟೀಚರಿನ ಚಪ್ಪಲಿ ಎರೆಮಣ್ಣಿನ ಬಿರುಕಿನಲ್ಲಿ ಸಿಕ್ಕಿಕೊಂಡಿತು. ನಾನು ಓಡಬೇಕು ಎನ್ನುವಷ್ಟರಲ್ಲಿ ಅವರೇ ಎರಡೂ ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಹೊರಟಿದ್ದರು. ಊಟಕ್ಕೆ ಕೂತಾಗ ಎಳ್ಳು ಹಚ್ಚಿದ ಖಡಕ್ ಸಜ್ಜಿರೊಟ್ಟಿ ಕೈಯಲ್ಲಿ ಹಿಡಿದು, “ಇದನ್ನ ಮುರಿಯೋದು ಹೇಗೆ ಮಾರಾಯ್ರೆ?” ಎಂದರು. ಒಂಬತ್ತರಲ್ಲಿ ಐದು ಮಂದಿ ಒಟ್ಟಿಗೆ ಉತ್ತರ ಕೊಟ್ಟರು. ನಾನು ಕೊಡಲಿಲ್ಲ. ಇದು ನನ್ನ ಜಾಣತನ ಎಂದುಕೊಂಡಿದ್ದೆ. ಗುಂಪಿನಲ್ಲಿ ಎಲ್ಲರೂ ಮಾತಾಡುವಾಗ ಒಬ್ಬನೇ ಸುಮ್ಮನಿದ್ದರೆ ಅವನೇ ಎದ್ದು ಕಾಣುತ್ತಾನೆ ಎಂಬ ಸಾದಾ ಲೆಕ್ಕ ಆಗ ಹೊಳೆಯಲಿಲ್ಲ. ಅಕ್ಕಾರು ನನ್ನ ತಾಟಿಗೆ ಅಗಸಿ ಹಿಂಡಿ ಹಾಕುತ್ತ ಸಣ್ಣಗೆ ನಕ್ಕರು.

ಊಟವಾದ ಮೇಲೆ ಮಸ್ಕಿಯ ಗುಡ್ಡಕ್ಕೆ, ಅಶೋಕನ ಶಾಸನ ನೋಡಲು ಹೋದೆವು. ಶೇಂಗಾ ಹೋಳಿಗೆ ತಿಂದು ಗುಡ್ಡ ಹತ್ತುವುದು ಯಾರ ಉಪಾಯವೋ. ಅರ್ಧಕ್ಕೆ ಪಿ.ಟಿ. ಮಾಸ್ತರರ ಉಸಿರು ಸಿಕ್ಕಿಕೊಂಡಿತು. ದಿನವೂ ಮಕ್ಕಳನ್ನು ಮೈದಾನ ಸುತ್ತಿಸುವ ಮನುಷ್ಯ, ನಿಲ್ಲಲೂ ನಾಚಿಕೆ, ನಡೆಯಲೂ ತ್ರಾಣವಿಲ್ಲ. ಆಗ ವಿಜ್ಞಾನದ ಟೀಚರ್ ಒಂದು ಬಂಡೆಯ ಮೇಲೆ ಕೂತು, “ನನಗೆ ಆಗಲ್ಲಪ್ಪ, ಸ್ವಲ್ಪ ಕೂತು ಹೋಗೋಣ” ಎಂದರು. ಅವರ ಹಣೆಯಲ್ಲಿ ಒಂದು ಹನಿ ಬೆವರಿರಲಿಲ್ಲ. ಪಿ.ಟಿ. ಮಾಸ್ತರ “ಲೇಡೀಸಿಗಿ ತ್ರಾಸ ಆಗತೈತಿ, ಕುಂದ್ರೂಣು” ಎಂದು ದೊಡ್ಡಸ್ತಿಕೆಯಿಂದ ದೊಪ್ಪನೆ ಕೂತರು. ಇದನ್ನು ಕಂಡದ್ದು ನಾನೊಬ್ಬನೇ. ಎದುರಾಬದುರು ಕೂಡಿಸಿ ಮಾತಾಡಿಸಿದ್ದರೆ ಅವರು ನನಗಾಗಿ ಒಂದು ಮುಖ ಇಟ್ಟುಕೊಂಡಿರುತ್ತಿದ್ದರು, ನಾನು ಅವರಿಗಾಗಿ ಇನ್ನೊಂದು. ಅವರು ನನ್ನನ್ನು ನೋಡದೆ ಇದ್ದಾಗ ಹೇಗಿರುತ್ತಾರೆ ಎಂಬುದನ್ನು ಆ ಗುಡ್ಡದ ಮೇಲಲ್ಲದೆ ಇನ್ನೆಲ್ಲಿ ನೋಡುತ್ತಿದ್ದೆ?

ಶಾಸನದ ಮುಂದೆ ನಾನು ಕನ್ನಡ ಮಾಸ್ತರನಾಗಿ ಪಾಠ ಸುರು ಮಾಡಿದೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಬಂಗಾರ ಹುಡುಕುತ್ತ ಈ ಸೀಮೆ ಸುತ್ತುವಾಗ ಈ ಬಂಡೆ ಅವನ ಕಣ್ಣಿಗೆ ಬಿತ್ತು. ಅಲ್ಲಿಯವರೆಗೆ ದೇಶದ ತುಂಬ ಸಿಕ್ಕ ಶಾಸನಗಳಲ್ಲಿ ದೊರೆ ತನ್ನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಕರೆದುಕೊಂಡಿದ್ದ. ಅವನೇ ಅಶೋಕ ಎಂದು ವಿದ್ವಾಂಸರು ಸಿಂಹಳದ ಗ್ರಂಥಗಳ ಆಧಾರದಿಂದ ಹೇಳುತ್ತಿದ್ದರು, ಕಲ್ಲು ಹೇಳಿರಲಿಲ್ಲ. ಮಸ್ಕಿಯ ಕಲ್ಲು ಹೆಸರು ಹಿಡಿದು ಹೇಳಿತು. ಎಲ್ಲರೂ ತಲೆಯಾಡಿಸಿದರು. ವಿಜ್ಞಾನದ ಟೀಚರ್ ಮಾತ್ರ, “ಅಷ್ಟು ವರ್ಷ ಹೆಸರು ಹೇಳದೇ ಇದ್ದಿದ್ದು ಯಾಕೆ?” ಎಂದರು. ನನಗೆ ಉತ್ತರ ಗೊತ್ತಿರಲಿಲ್ಲ. “ದೊಡ್ಡವರ ಹೆಸರು ಹಂಗ ಹೇಳಬಾರದ್ರಿ” ಎಂದುಬಿಟ್ಟೆ. ಅವರು ಬಿದ್ದು ಬಿದ್ದು ನಕ್ಕರು.

ಮರುದಿನ ಪಟ್ಟಿ. ಲೆಕ್ಕ ಬರೆಯುವ ಕೆಲಸವನ್ನು ನಾನೇ ಮೈಮೇಲೆ ಹಾಕಿಕೊಂಡಿದ್ದೆ, ಯಾಕೆಂದರೆ ಲೆಕ್ಕದವನು ಯಾರ ಮನೆಯ ಬಾಗಿಲಿಗೆ ಹೋದರೂ ಯಾರೂ ಯಾಕೆ ಎಂದು ಕೇಳುವುದಿಲ್ಲ. ಟ್ರ್ಯಾಕ್ಸಿಗೆ ನಾನೂರ ಐವತ್ತು, ಬರುವಾಗ ತಿಂದ ಮಿರ್ಚಿ ಮಂಡಾಳಿಗೆ, ಚಹಾಕ್ಕೆ ಇಪ್ಪತ್ತೇಳು. ತಲಾ ಐವತ್ತಮೂರು. ಅವರ ಪಾಲು ನಾನು ಕೊಡುತ್ತೇನೆ ಎನ್ನುವಂತಿರಲಿಲ್ಲ. ಹಾಗೆ ಒಬ್ಬರ ಪಾಲು ಇನ್ನೊಬ್ಬರು ಕೊಟ್ಟ ದಿನ ಗುಂಪು ಮುಗಿಯುತ್ತದೆ, ಮರುದಿನದಿಂದ ಉಳಿದ ಏಳು ಜನ ಪ್ರೇಕ್ಷಕರು. ಅವರ ಮನೆಯೊಡತಿಯ ಕಟ್ಟೆಯ ಮುಂದೆ ನಿಂತೆ. ಅವರು ಅರವತ್ತು ರೂಪಾಯಿ ಕೊಟ್ಟರು. ಎಡಗಿಸೆಯಲ್ಲಿ ಚಿಲ್ಲರೆ ತುಂಬಿಟ್ಟುಕೊಂಡು, ಬಲಗಿಸೆ ತಡವಿ, “ಚಿಲ್ಲರ ಇಲ್ರಿ” ಎಂದೆ.

ಈ ಘಟ್ಟದಲ್ಲಿ ಮನಸ್ಸಿಲ್ಲದವರು ಹೇಳುವ ಮಾತು ಒಂದಿದೆ: “ಇರಲಿ ಬಿಡಿ.” ಏಳು ರೂಪಾಯಿ ದಾನ ಕೊಟ್ಟು ಬಾಗಿಲು ಹಾಕಿಕೊಳ್ಳುವುದು. ಅವರು ಹಾಗೆನ್ನಲಿಲ್ಲ. “ಬರೆದಿಟ್ಕೊಳ್ಳಿ, ಮುಂದಿನ ಸಲ ಹಿಡ್ಕೊಳ್ಳಿ” ಎಂದರು. ಮುಂದಿನ ಸಲ! ನಾನು ಅಲ್ಲಿಂದ ಮನೆಗೆ ಹೇಗೆ ಬಂದೆನೋ ತಿಳಿಯದು.

ಮುಂದಿನ ಸಲ ಮುದಗಲ್ ಕೋಟೆಗೆ ಹೋದೆವು. ಅಲ್ಲಿಯೂ ಚಿಲ್ಲರೆ ಇರಲಿಲ್ಲ. ಹೊರಳಿ ಬರುವಾಗ ಲಿಂಗಸುಗೂರು ದಾಟುತ್ತಲೇ ಪಿ.ಟಿ. ಮಾಸ್ತರ ಗಾಡಿಯಲ್ಲಿ ಎಲ್ಲರಿಗೂ ಕೇಳುವಂತೆ, “ಸರ, ನಿಮ್ಮ ಲೆಕ್ಕ ಒಬ್ಬರ ಹತ್ರಾನ ಯಾಕ ಬಗೆಹರಿಯವಲ್ದು?” ಎಂದರು. ನಗು ಎದ್ದಿತು. ನಾನೂ ನಕ್ಕೆ, ಅದೇ ನನ್ನ ದೊಡ್ಡ ತಪ್ಪು. ಅವರು ನಗಲಿಲ್ಲ. ಸಿಂಧನೂರು ಬರುವವರೆಗೆ ಕಿಟಕಿಯ ಹೊರಗೆ ನೋಡಿದರು. ಸೋಮಲಾಪುರದ ಅಂಬಾಮಠದ ಜಾತ್ರೆಗೆ ಮನೆಯೊಡತಿಯ ಮಗಳನ್ನು ಜೊತೆಗೆ ಕರೆತಂದರು. ಆ ಹುಡುಗಿ ಇಡೀ ದಿನ ಅವರ ಕಿರುಬೆರಳು ಬಿಡಲಿಲ್ಲ. ಗುಂಪಿನ ಮರೆ ಎಷ್ಟು ತೆಳ್ಳಗಿರುತ್ತದೆ ಎಂದರೆ, ಒಬ್ಬರು ಬೆರಳು ತೋರಿಸಿದರೆ ಸಾಕು, ಹರಿಯುತ್ತದೆ.

ಬೇಸಿಗೆಯಲ್ಲಿ ಅವರಿಗೆ ತಮ್ಮ ಜಿಲ್ಲೆಗೆ ವರ್ಗವಾಯಿತು. ಬಸ್ ಸ್ಟ್ಯಾಂಡಿಗೆ ಕಳಿಸಲು ಎಂಟೂ ಜನ ಹೋದೆವು. ಭೇಟಿಯಾಗಲು ನೆರಳಾಗಿದ್ದ ಗುಂಪು, ಮಾತಾಡಬೇಕಾದ ಹೊತ್ತಿಗೆ ಗೋಡೆಯಾಗಿ ನಿಂತಿತ್ತು. ಏನನ್ನೂ ಕೇಳದೆ ಇದ್ದುದರಿಂದ ಯಾರೂ ಇಲ್ಲ ಎಂದಿರಲಿಲ್ಲ, ಅದೇ ಕಾರಣಕ್ಕೆ ಹೂಂ ಎಂದೂ ಇರಲಿಲ್ಲ. ಕಿಸೆಯಲ್ಲಿ ಏಳು ರೂಪಾಯಿ ಇದ್ದವು. ಕಿಟಕಿಯಲ್ಲಿ ಕೈ ಚಾಚಿ ಕೊಡಬಹುದಿತ್ತು. ಕೊಟ್ಟರೆ ಲೆಕ್ಕ ಮುಗಿಯುತ್ತದೆ ಎಂದು ಕೊಡಲಿಲ್ಲ. ಬಸ್ಸು ಹೋಯಿತು.

ತಿಂಗಳ ಮೇಲೆ ಅಕ್ಕಾರಿಗೆ ಒಂದು ಇನ್‌ಲ್ಯಾಂಡ್ ಲೆಟರ್ ಬಂತು. ಎಲ್ಲರೂ ಓದಿದೆವು. ಆರು ಜನರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕೇಳಿದ್ದರು, ಪಿ.ಟಿ. ಮಾಸ್ತರರನ್ನೂ ಬಿಡದೆ. ಕೊನೆಗೆ ಒಂದು ಸಾಲು: “ಲೆಕ್ಕ ಬರೆಯುವವರು ಹೇಗಿದ್ದಾರೆ?” ಎಂಟು ಜನರಲ್ಲಿ ನನ್ನ ಹೆಸರೊಂದೇ ಮರೆತಿದ್ದಾರಲ್ಲ ಎಂದು ನನಗೆ ಎಂಥ ಸಂಕಟವಾಯಿತೆಂದರೆ, ಸಿಟ್ಟಿನಿಂದ ಮಾರುತ್ತರ ಬರೆಯಲೇ ಇಲ್ಲ.

ಮೊನ್ನೆ ಆ ನೋಟುಬುಕ್ಕು ತೆಗೆದು ನೋಡಿದೆ. ಎಂಟು ಹೆಸರುಗಳು ದುಂಡಗೆ, ಪೂರ್ತಿಯಾಗಿ, ಅಡ್ಡಹೆಸರಿನ ಸಮೇತ. ಎಲ್ಲದರ ಮುಂದೆಯೂ ‘ಪಾವತಿ’. ಒಂಬತ್ತನೆಯ ಸಾಲಿನಲ್ಲಿ ಮಾತ್ರ ನಾನು ಹೆಸರು ಬರೆದಿರಲಿಲ್ಲ. ‘ವಿ. ಟೀ. — 7 ಬಾಕಿ’ ಎಂದಿತ್ತು.