ಫೈನಲ್ ರೌಂಡಿಗೆ ಬೆಂಗಳೂರಿಗೆ ಕರೆದರೆ, ಖರ್ಚಿನ ಮಾತು ಮೊದಲೇ ಆಡಿ

ಫೋನಿನಲ್ಲಿ ಒಂದು ಸುತ್ತು, ವಿಡಿಯೊ ಕಾಲಿನಲ್ಲಿ ಇನ್ನೊಂದು ಸುತ್ತು ಮುಗಿದ ಮೇಲೆ ಎಚ್‌ಆರ್‌ನವರು, "ಗುರುವಾರ ಬೆಳಿಗ್ಗೆ 10ಕ್ಕೆ ಬೆಂಗಳೂರು ಆಫೀಸಿಗೆ ಬಂದುಬಿಡಿ" ಅನ್ನುತ್ತಾರೆ. ನಮ್ಮ ಬಸವಕಲ್ಯಾಣ, ಹುಮನಾಬಾದ್ ಕಡೆಯ ಬಹಳ ಹುಡುಗರು ತಕ್ಷಣ "ಆಯ್ತು ಮೇಡಂ" ಅಂದುಬಿಡುತ್ತಾರೆ. ಬಸ್ ಚಾರ್ಜ್ ಕೇಳಿದರೆ ಕೆಲಸವೇ ಕೈತಪ್ಪೀತು ಎಂಬ ಅಳುಕು. ಸುದ್ದಿಗಿಷ್ಟು ಎಂದು ಹಣ ಪಡೆಯುವ ನಮ್ಮಂಥ ಸ್ಟ್ರಿಂಗರ್‌ಗಳಿಗೆ ಒಂದು ಸಲ ಬೆಂಗಳೂರಿಗೆ ಹೋಗಿಬರುವುದೆಂದರೆ ಹಲವು ಸುದ್ದಿಗಳ ದುಡಿಮೆ ಖಾಲಿ.

ಸರ್ಕಾರಿ ಕಡೆ ಈ ಗೊಂದಲ ಕಡಿಮೆ. ಯುಪಿಎಸ್‌ಸಿ ಸಂದರ್ಶನಕ್ಕೆ ದೆಹಲಿಗೆ ಹೋದವರಿಗೆ ರೈಲಿನ ಸ್ಲೀಪರ್ ದರ್ಜೆಯ ಲೆಕ್ಕದಲ್ಲಿ ಪ್ರಯಾಣದ ಖರ್ಚು ಸಿಗುತ್ತದೆ. ಪ್ರಸಾರ ಭಾರತಿಯ ಗುತ್ತಿಗೆ ಹುದ್ದೆಗಳ ಪ್ರಕಟಣೆಯಲ್ಲಿ ಟಿಎ, ಡಿಎ ಇಲ್ಲ ಎಂದು ಒಂದು ಸಾಲು ಇರುತ್ತದೆ. ಕೊಡುತ್ತಾರೋ ಇಲ್ಲವೋ, ಮೊದಲೇ ಗೊತ್ತಾಗುತ್ತದೆ. ಖಾಸಗಿ ಸಂಸ್ಥೆಗಳಲ್ಲಿ ಹಾಗಿಲ್ಲ. ಅವರ ಒಳಗಿನ ನಿಯಮ ಕೇಳಿದವರಿಗಷ್ಟೇ ತಿಳಿಯುತ್ತದೆ. ಕೇಳುವ ಸಮಯವೂ ಒಂದೇ: ದಿನಾಂಕಕ್ಕೆ ಒಪ್ಪಿಗೆ ಕೊಡುವ ಮುಂಚೆ.

ನಮ್ಮ ಗುಂಪಿನ ಗೆಳತಿಯೊಬ್ಬಳಿಗೆ ಬೆಂಗಳೂರಿನ ಸುದ್ದಿಸಂಸ್ಥೆಯೊಂದರಿಂದ ಇಂಥ ಕರೆ ಬಂದಾಗ ನಾವೆಲ್ಲ ಕೂತು ಲೆಕ್ಕ ಹಾಕಿದೆವು. ಬಸವಕಲ್ಯಾಣಕ್ಕೆ ರೈಲಿಲ್ಲ. 2017ರಲ್ಲಿ ಪೂರ್ತಿಯಾದ ಬೀದರ್-ಕಲಬುರಗಿ ಮಾರ್ಗದಲ್ಲಿ ಹುಮನಾಬಾದಿಗೆ ರೈಲು ಇದೆ, ಆದರೆ ಎರಡು ದಿನ ಮುಂಚೆ ಕರೆದರೆ ಬರ್ತ್ ಎಲ್ಲಿ ಸಿಗಬೇಕು? ಉಳಿದಿದ್ದು ರಾತ್ರಿಯ ಸ್ಲೀಪರ್ ಬಸ್. ಬಸವಕಲ್ಯಾಣದಿಂದ ಹುಮನಾಬಾದಿಗೆ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯ ಶೂನ್ಯ ಟಿಕೆಟ್, ಅದಕ್ಕೆ ಹಣ ಕೇಳುವಂತಿಲ್ಲ. ಸ್ಲೀಪರ್ ಬಸ್ಸಿಗೆ ಶಕ್ತಿ ಅನ್ವಯಿಸುವುದಿಲ್ಲ. ಕೇಳಬೇಕಾದ ಹಣ ಅಲ್ಲಿಂದ ಶುರು.

ವಸತಿಯ ಸಮಸ್ಯೆ ಬೆಂಗಳೂರಿನವರಿಗೆ ಸುಲಭಕ್ಕೆ ಹೊಳೆಯುವಂಥದ್ದಲ್ಲ. ಅವರು "ರಾತ್ರಿ ಉಳಿಯೋಕೆ ರೂಮ್ ಬೇಕಾ?" ಅಂತ ಕೇಳುತ್ತಾರೆ. ಆರುನೂರು ಕಿಲೋಮೀಟರಿಗೂ ಮೀರಿದ ದಾರಿ, ರಾತ್ರಿ ಕಳೆಯುವುದು ಬಸ್ಸಿನಲ್ಲೇ. ನಮಗೆ ಬೇಕಾದ್ದು ಬೆಳಿಗ್ಗೆ ಇಳಿದ ಮೇಲೆ ಸ್ನಾನಕ್ಕೆ, ಬಟ್ಟೆ ಬದಲಿಸಲಿಕ್ಕೆ ಎರಡು ತಾಸು. ಬಹಳ ಹೋಟೆಲ್‌ಗಳಲ್ಲಿ ಚೆಕ್-ಇನ್ ಮಧ್ಯಾಹ್ನದ ಹೊತ್ತಿಗೆ. ಅದೇ ದಿನಕ್ಕೆ ರೂಮ್ ಬುಕ್ ಮಾಡಿಕೊಟ್ಟರೆ ಸಂದರ್ಶನ ಮುಗಿದ ಮೇಲೆ ಬಾಗಿಲು ತೆರೆದಂತೆ. ಆದ್ದರಿಂದ "ರೂಮ್ ಕೊಡ್ತೀರಾ" ಎನ್ನುವುದಕ್ಕಿಂತ ಎಷ್ಟು ಗಂಟೆಗೆ ಬಂದಿಳಿಯುತ್ತೇವೆ ಎಂದು ಹೇಳುವುದು ಉಪಯೋಗಕ್ಕೆ ಬರುತ್ತದೆ.

ಇದನ್ನೆಲ್ಲ ಫೋನಿನಲ್ಲಿ ಕೇಳಿದರೆ ಉತ್ತರ ಗಾಳಿಗೆ ಹೋಗುತ್ತದೆ. ಗೆಳತಿ ಬರೆದ ಮೇಲ್ ಹೀಗಿತ್ತು:

"ಮೇಡಂ, ಫೈನಲ್ ರೌಂಡಿಗೆ ಕರೆದಿದ್ದಕ್ಕೆ ಧನ್ಯವಾದ. ನಾನು ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದ ರಾತ್ರಿ ಬಸ್ಸಿಗೆ ಬರಬೇಕು. ದಿನಾಂಕ ಖಚಿತಪಡಿಸುವ ಮುಂಚೆ ಮೂರು ವಿಷಯ ತಿಳಿಸಿ. ಹುಮನಾಬಾದ್-ಬೆಂಗಳೂರು ನಾನ್-ಎಸಿ ಸ್ಲೀಪರ್ ಬಸ್ಸಿನ ಹೋಗಿಬರುವ ಖರ್ಚನ್ನು ಸಂಸ್ಥೆ ಕೊಡುತ್ತದೆಯೇ, ಮಿತಿ ಎಷ್ಟು? ಆಯ್ಕೆಯಾಗದಿದ್ದರೂ ಕೊಡುತ್ತೀರಾ, ಟಿಕೆಟ್ ಯಾರಿಗೆ, ಯಾವ ದಿನದೊಳಗೆ ಕಳಿಸಬೇಕು? ಬಸ್ ಬೆಳಿಗ್ಗೆ 8ರ ಹೊತ್ತಿಗೆ ತಲುಪುತ್ತದೆ. ತಯಾರಾಗಲು ಆಫೀಸ್ ಹತ್ತಿರ ವ್ಯವಸ್ಥೆ ಆಗದಿದ್ದರೆ ಸಮಯವನ್ನು 11.30ಕ್ಕೆ ಇಡಬಹುದೇ? ಸಂಜೆ 5ರೊಳಗೆ ಮುಗಿದರೆ ಅದೇ ರಾತ್ರಿ ವಾಪಸ್ ಹೊರಡುತ್ತೇನೆ."

ಮರುದಿನವೇ ಉತ್ತರ ಬಂತು. ರೂಮ್ ಕೊಡಲಾಗುವುದಿಲ್ಲ, ಸಮಯ 11.30, ಬಸ್ ಖರ್ಚು ಎರಡೂ ಕಡೆಯದು ಸೇರಿ 2,500 ರೂಪಾಯಿವರೆಗೆ, ಫಲಿತಾಂಶ ಏನೇ ಇದ್ದರೂ ಕೊಡುತ್ತೇವೆ, ಟಿಕೆಟ್‌ಗಳನ್ನು ಏಳು ದಿನದೊಳಗೆ ಕಳಿಸಿ ಎಂದಿತ್ತು. ಮೊದಲೇ ಕೊಡುತ್ತಾರೋ ಆಮೇಲೋ ಎಂದು ಇನ್ನೊಂದು ಸಾಲು ಬರೆದು ಕೇಳಿದಳು. ಆಮೇಲೆ ಅಂದರು. ಎರಡು ಸಾವಿರದಷ್ಟು ಕೈಯಲ್ಲಿ ಇರಬೇಕು ಎಂದು ಆಗಲೇ ಗೊತ್ತಾದ್ದರಿಂದ ಮನೆಯಲ್ಲಿ ಹೊಂದಿಸಿಕೊಂಡಳು.

ಟಿಕೆಟ್ ಅವಳ ಹೆಸರಿನಲ್ಲೇ ಇತ್ತು. ಇದು ಸಣ್ಣ ಮಾತಲ್ಲ. ಏಜೆಂಟ್ ಹತ್ತಿರ ಅಣ್ಣನ ಹೆಸರಲ್ಲೋ ಗೆಳೆಯನ ಹೆಸರಲ್ಲೋ ಬುಕ್ ಮಾಡಿಸಿದ ಟಿಕೆಟನ್ನು ಅಕೌಂಟ್ಸ್‌ನವರು ವಾಪಸ್ ಕಳಿಸುತ್ತಾರೆ. ಆಟೊಗೆ ಚೀಟಿ ಇರುವುದಿಲ್ಲ, ಅದನ್ನು ನಮ್ಮ ಕೈಯದೇ ಎಂದು ಎಣಿಸಿಕೊಳ್ಳುವುದು ಒಳ್ಳೆಯದು.

ಕೆಲಸ ಅವಳಿಗೆ ಆಗಲಿಲ್ಲ. ಹಣ ಮಾತ್ರ ಮೂರು ವಾರದಲ್ಲಿ ಖಾತೆಗೆ ಬಂತು. ನಡುವೆ ಒಮ್ಮೆ ಅಕೌಂಟ್ಸ್‌ನವರು "ಸೆಲೆಕ್ಟ್ ಆದವರಿಗಷ್ಟೇ ರೀ" ಅಂದಿದ್ದರು. "ಫಲಿತಾಂಶ ಏನೇ ಇದ್ದರೂ" ಎಂಬ ಎಚ್‌ಆರ್ ಸಾಲನ್ನು ಅವಳು ಕಳಿಸಿದ ಮೇಲೆ ಮಾತು ಅಲ್ಲಿಗೆ ಮುಗಿಯಿತು.

ಖರ್ಚು ಕೊಡುವುದಿಲ್ಲ ಅಂದರೆ ವಿಡಿಯೊದಲ್ಲೇ ಮಾಡಬಹುದೇ ಎಂದು ಕೇಳಿ ನೋಡಿ. ಅದಕ್ಕೂ ಒಪ್ಪದಿದ್ದರೆ ಹೋಗುವುದು ಬಿಡುವುದು ನಿಮ್ಮ ಲೆಕ್ಕ. ಆದರೆ "ರೂಮ್, ಟಿಕೆಟ್ ನಾವೇ ಮಾಡ್ತೀವಿ, ಮೊದಲು ಡಿಪಾಸಿಟ್ ಹಾಕಿ, ಆಮೇಲೆ ವಾಪಸ್" ಎನ್ನುವವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಅದು ಸಂದರ್ಶನವಲ್ಲ, ಮೋಸ.