ನೂರಕ್ಕೆ ನೂರಾನಾಲ್ಕು ಮಂದಿ

ಐವತ್ತು ಜನ ಸೇರಿದ ಬ್ಯಾಚಿನಲ್ಲಿ ಮುಂದಿನ ತಿಂಗಳು ಐವತ್ತೆರಡು ಜನ ಉಳಿದಿದ್ದಾರೆ ಎಂದು ಕಂಪ್ಯೂಟರು ಹೇಳಿದರೆ ಮನುಷ್ಯ ಏನು ಮಾಡಬೇಕು? ನಮ್ಮ ಹೊಳಲ್ಕೆರೆಯ ಫೈಬರ್ ನೆಟ್ ಯಜಮಾನರು ಮಾಡಿದ್ದು ಸಂತೋಷಪಡುವುದನ್ನು. ಅವರನ್ನು ತಪ್ಪೆನ್ನಲಾರೆ. ಲೆಕ್ಕ ನಮ್ಮ ಕಡೆಗೇ ವಾಲಿದಾಗ ಅದನ್ನು ಮರುಪರಿಶೀಲಿಸುವ ಚಟ ಯಾರಿಗೂ ಹುಟ್ಟಿನಿಂದ ಬರುವುದಿಲ್ಲ.

ಯಜಮಾನರು ಮೊದಲು ಟಿವಿ ಕೇಬಲ್ ಎಳೆಯುತ್ತಿದ್ದವರು. ಈಗ ಅದೇ ಕಂಬಗಳ ಮೇಲೆ ಫೈಬರು ಓಡಿಸಿ, ಬಯಲು ಗಣಪನ ಗುಡಿಯ ಆಚೀಚೆ ಇರುವ ಮನೆ, ಅಂಗಡಿಗಳಿಗೆಲ್ಲ ಇಂಟರ್‌ನೆಟ್ ಕೊಡುತ್ತಾರೆ. ಅಡಿಕೆ ಮಂಡಿಯವರಿಗೆ ದಿನದ ರೇಟು ಮೊಬೈಲಿನಲ್ಲಿ ಕಾಣಬೇಕು, ಮಕ್ಕಳಿಗೆ ಕ್ರಿಕೆಟ್ಟು ಕಾಣಬೇಕು, ಹೆಂಗಸರಿಗೆ ಧಾರಾವಾಹಿ ಕಾಣಬೇಕು, ಗಂಡಸರಿಗೂ ಧಾರಾವಾಹಿಯೇ ಕಾಣಬೇಕು, ಆದರೆ ಅವರು ಒಪ್ಪಿಕೊಳ್ಳುವುದಿಲ್ಲ. ವ್ಯಾಪಾರ ಚೆನ್ನಾಗಿದೆ. ನಾನು ಊರಲ್ಲೇ ಕೂತು ಬೆಂಗಳೂರಿನ ಕಂಪನಿಯೊಂದಕ್ಕೆ ಡೇಟಾ ಲೆಕ್ಕ ಮಾಡುವವನೆಂಬ ಸುದ್ದಿ ಅವರಿಗೆ ಹೇಗೋ ಮುಟ್ಟಿ, ‘ಒಂದ್ಸಲ ಬಂದು ನಮ್ ವರದಿ ನೋಡ್ರಿ, ಖುಷಿ ಆಗ್ತೀರಾ’ ಎಂದು ಕರೆದರು.

ವರದಿ ಸರಳವಾಗಿತ್ತು. ಯಾವ ತಿಂಗಳು ಸೇರಿದರೋ ಅದು ಗಿರಾಕಿಯ ಬ್ಯಾಚು. ಆ ಬ್ಯಾಚಿನವರಲ್ಲಿ ಮುಂದಿನ ಒಂದೊಂದು ತಿಂಗಳಲ್ಲೂ ಎಷ್ಟು ಮಂದಿ ಇನ್ನೂ ಇದ್ದಾರೆ ಎಂಬುದು ಉಳಿಕೆ. ಏಪ್ರಿಲ್ ಬ್ಯಾಚಿನಲ್ಲಿ 50 ಜನ. ಮೇ ತಿಂಗಳಲ್ಲಿ 52, ಅಂದರೆ ಶೇಕಡಾ 104. ಜೂನ್‌ನಲ್ಲಿ 45, ಶೇಕಡಾ 90.

‘ಎರಡು ಜನ ಎಲ್ಲಿಂದ ಬಂದ್ರು?’ ಅಂದೆ.

‘ನಮ್ ಸರ್ವೀಸ್ ನೋಡಿ ಬಂದಿರ್ತಾರೆ ಬಿಡಿ’ ಅಂದರು.

ಹೊಸಬರು ಬಂದರೆ ಅವರು ಮೇ ಬ್ಯಾಚಿಗೆ ಸೇರುತ್ತಾರೆಯೇ ಹೊರತು ಏಪ್ರಿಲ್ ಬ್ಯಾಚಿಗೆ ಹೇಗೆ ಬಂದಾರು? ಮುಚ್ಚಿದ ಬ್ಯಾಚಿನಿಂದ ಜನ ಹೊರಗೆ ಹೋಗಬಹುದು, ಹೋದವರು ತಿರುಗಿ ಬರಬಹುದು, ಹೊಸಬರು ಒಳಗೆ ಬರುವಂತಿಲ್ಲ. ನೂರು ದಾಟಿದ ಶೇಕಡಾವಾರೆಲ್ಲ ಸುಳ್ಳಲ್ಲ, ಅದನ್ನೂ ಹೇಳಬೇಕು. ಟ್ರಾಯ್ ಹೊರಡಿಸುವ ವರದಿಗಳಲ್ಲಿ ದೆಹಲಿಯ ಫೋನ್ ಸಾಂದ್ರತೆ 200ಕ್ಕೂ ಮೇಲಿರುತ್ತದೆ. ಅಲ್ಲಿ ಮೇಲಿನ ಸಂಖ್ಯೆ ಕನೆಕ್ಷನ್ನುಗಳದು, ಕೆಳಗಿನದು ಜನರದು. ಒಬ್ಬನ ಜೇಬಿನಲ್ಲಿ ಎರಡು ಸಿಮ್ ಇದ್ದರೆ ನೂರು ದಾಟುವುದೇ ಸರಿ. ನಮ್ಮ ಯಜಮಾನರ ವರದಿಯಲ್ಲೂ ಆಗಿರುವುದು ಅದೇ, ಮೇಲೊಂದು ಜಾತಿ, ಕೆಳಗೊಂದು ಜಾತಿ. ವ್ಯತ್ಯಾಸವೆಂದರೆ ಟ್ರಾಯ್‌ನವರಿಗೆ ಅದು ಗೊತ್ತಿದೆ.

ಅವರ ದಾಖಲೆಯಲ್ಲಿ ಒಂದು ಸಾಲೆಂದರೆ ಒಬ್ಬ ಗಿರಾಕಿಯಲ್ಲ, ಒಬ್ಬ ಗಿರಾಕಿ ಒಂದು ಪ್ಲಾನಿನಲ್ಲಿದ್ದ ಅವಧಿ. ರೀಚಾರ್ಜ್ ಮಾಡಿದರೆ ಅದೇ ಸಾಲಿನ ಮುಗಿಯುವ ತಾರೀಖು ಮುಂದೆ ಹೋಗುತ್ತದೆ. ಪ್ಲಾನು ಬದಲಿಸಿದರೆ ಹಳೆಯ ಸಾಲು ಮುಚ್ಚಿ ಹೊಸದು ತೆರೆಯುತ್ತದೆ. ಮೇ ತಿಂಗಳು ರಜೆ. ಬೆಂಗಳೂರಿನಲ್ಲಿರುವ ಮಗ ಲ್ಯಾಪ್‌ಟಾಪು ಸಮೇತ ಊರಿಗೆ ಬಂದು, ‘ಅಪ್ಪಾ, ಈ ನೆಟ್ಟಲ್ಲಿ ಮೀಟಿಂಗ್ ಆಗಲ್ಲ’ ಎನ್ನುತ್ತಾನೆ. ಅಪ್ಪ ಹನ್ನೆರಡನೇ ತಾರೀಖು 40 ಎಂಬಿಪಿಎಸ್ ಪ್ಲಾನು ಬಿಟ್ಟು 150ಕ್ಕೆ ಏರುತ್ತಾನೆ. ಅಪ್ಪ ಒಬ್ಬನೇ, ಮೇ ತಿಂಗಳಿಗೆ ತಗುಲುವ ಸಾಲು ಎರಡು. ಲೆಕ್ಕ ತೆಗೆದ ಕ್ವೆರಿ ಹೀಗಿತ್ತು:

```sql
SELECT f.batch, m.month, COUNT(s.cust_id) AS live
FROM first_month f
JOIN subs s   ON s.cust_id = f.cust_id
JOIN months m ON s.start_date < m.next_month
             AND s.end_date  >= m.month
GROUP BY f.batch, m.month;
```

ತಿಂಗಳಿಗೆ ಎಲ್ಲಿ ತಾಗಿದರೂ ಸಾಕು, ಸಾಲು ಒಳಗೆ. `COUNT` ಎಣಿಸುವುದು ಸಾಲುಗಳನ್ನು. ಒಳಗೆ `cust_id` ಎಂದು ಬರೆದ ಮಾತ್ರಕ್ಕೆ ಅದು ಗಿರಾಕಿಗಳನ್ನು ಎಣಿಸಲು ಕಲಿಯುವುದಿಲ್ಲ. ಬೀರೂರು ಕಡೆಯಿಂದ ಬಂದು ಚಿಕ್ಕಜಾಜೂರಿನಲ್ಲಿಳಿದು ಚಿತ್ರದುರ್ಗದ ರೈಲು ಹತ್ತಿದವನನ್ನು ಇಬ್ಬರು ಪ್ರಯಾಣಿಕರೆಂದು ಬರೆದುಕೊಂಡಂತೆ ಇದು. (ಬಸ್ಸಿರುವಾಗ ಯಾರಪ್ಪ ಹಾಗೆ ಹೋಗುತ್ತಾರೆ ಎಂದು ಕೇಳಬೇಡಿ. ನಮ್ಮ ಚಿಕ್ಕಪ್ಪ ಹೋಗುತ್ತಿದ್ದರು, ರೈಲೆಂದರೆ ಪ್ರಾಣ.)

`COUNT(DISTINCT s.cust_id)` ಎಂದು ತಿದ್ದಿ ಓಡಿಸಿದೆ. ಮೇ ತಿಂಗಳಲ್ಲಿ ನಿಜವಾಗಿ ಇದ್ದವರು 46. ನಾಲ್ವರು ಬಿಟ್ಟು ಹೋಗಿದ್ದರು, ಆರು ಜನ ಪ್ಲಾನು ಬದಲಿಸಿದ್ದರು. 46ಕ್ಕೆ 6 ಸೇರಿ 52 ಆಗಿತ್ತು. ಜೂನ್‌ನಲ್ಲಿ ಇದ್ದವರು 43, ಬದಲಿಸಿದವರು ಇಬ್ಬರು. ಮಗ ಬೆಂಗಳೂರಿಗೆ ವಾಪಸಾದ ಮೇಲೆ ಅಪ್ಪನಿಗೆ 150 ಯಾಕೆ? ಹೀಗೆ 43 ಹೋಗಿ 45 ಆಗಿ, 86 ಇರಬೇಕಾದ ಶೇಕಡಾವಾರು 90 ಎಂದು ಕಂಡಿತ್ತು.

ನನಗೆ ಭಯವಾಗುವುದು ಮೇ ತಿಂಗಳಿನದಲ್ಲ, ಈ ಜೂನಿನದು. 104 ಕಂಡರೆ ಎಂಥವನೂ ಒಮ್ಮೆ ತಲೆ ಎತ್ತುತ್ತಾನೆ. 90 ಎಂಬುದು ಮರ್ಯಾದಸ್ಥ ಸಂಖ್ಯೆ, ಬಾಗಿಲಲ್ಲಿ ಯಾರೂ ತಡೆಯುವುದಿಲ್ಲ. ಮೇ ತಿಂಗಳು ನೂರು ದಾಟದೇ ಇದ್ದಿದ್ದರೆ ಆ ಕ್ವೆರಿ ವರ್ಷಗಟ್ಟಲೆ ಓಡುತ್ತಿತ್ತು. ಆದ್ದರಿಂದ ಇಂಥ ಕಡೆ ನಾನು ಉತ್ತರ ನೋಡುವ ಮೊದಲೇ `COUNT(*)` ಮತ್ತು `COUNT(DISTINCT cust_id)` ಎರಡನ್ನೂ ಅಕ್ಕಪಕ್ಕ ಹಾಕಿ, ತಿಂಗಳು ತಿಂಗಳಿಗೆ ಎಷ್ಟು ಅಂತರ ಎಂದು ನೋಡುತ್ತೇನೆ. ಅಂತರ ಸೊನ್ನೆಯಾಗಿದ್ದರೆ ನೆಮ್ಮದಿ. ಇಲ್ಲದಿದ್ದರೆ ಆ ಹೆಚ್ಚಿನ ಸಾಲುಗಳು ಯಾರವು ಎಂದು ಹೆಸರು ಹಿಡಿದು ಕೇಳಬೇಕು.

ಮೊಬೈಲ್ ಪ್ರಿಪೇಯ್ಡ್‌ನವರ ಪಾಡು ಇನ್ನೂ ಚೆನ್ನ. 28 ದಿನದ ರೀಚಾರ್ಜನ್ನು ಮಾರ್ಚ್ 1ಕ್ಕೆ ಹಾಕಿಸಿದರೆ 28ಕ್ಕೆ ಮುಗಿದು 29ಕ್ಕೆ ಮತ್ತೊಂದು. ಒಂದೊಂದು ರೀಚಾರ್ಜನ್ನೂ ಒಂದೊಂದು ಸಾಲಾಗಿ ಬರೆದುಕೊಂಡರೆ, ಪ್ಲಾನನ್ನೇನೂ ಬದಲಿಸದ ಬಡಪಾಯಿ ಒಂದೇ ತಿಂಗಳಲ್ಲಿ ಎರಡು ಸಾಲಾಗುತ್ತಾನೆ. ವರ್ಷಕ್ಕೆ ಹನ್ನೆರಡರ ಬದಲು ಹದಿಮೂರು ರೀಚಾರ್ಜಾಯಿತು ಎಂದು ಜನ ಗೊಣಗಿದ್ದಕ್ಕೆ, 30 ದಿನದ ಒಂದು ಪ್ಲಾನು ಮತ್ತು ಪ್ರತಿ ತಿಂಗಳು ಅದೇ ತಾರೀಖಿಗೆ ಬರುವ ಒಂದು ಪ್ಲಾನು ಇರಲೇಬೇಕೆಂದು 2022ರ ಜನವರಿಯಲ್ಲಿ ಟ್ರಾಯ್ ಆದೇಶ ಮಾಡಿತು. ಗೊಣಗಿದವರು ಗಿರಾಕಿಗಳು. ಕ್ವೆರಿ ಬರೆಯುವವರ ಗೊಣಗಾಟಕ್ಕೆ ಆದೇಶ ಮಾಡುವವರು ಯಾರೂ ಇಲ್ಲ.

ಇಲ್ಲಿಗೆ ಕೆಲಸ ಮುಗಿಯಿತು ಎಂದು ಚೀಲ ಎತ್ತಿಕೊಂಡೆ. ಯಜಮಾನರು ಬಿಡಬೇಕಲ್ಲ! ‘ಪ್ಲಾನ್‌ವಾರು ಕೊಡ್ರಿ. ಯಾವ್ದು ನಿಲ್ತೈತೆ, ಯಾವ್ದು ಸೋರ್ತೈತೆ ಗೊತ್ತಾಗ್ಬೇಕು. 40ರ ಪ್ಲಾನು ತೆಗೆದ್ಬಿಡಾಣ ಅಂತಿದೀನಿ’ ಅಂದರು.

ಅವರ ಹುಡುಗ ಆಗಲೇ `GROUP BY`ಗೆ `s.plan` ಸೇರಿಸಿ ಓಡಿಸಿಬಿಟ್ಟ. `DISTINCT` ಇದೆ, ಇನ್ನೇನು ಹೆದರಿಕೆ ಎಂಬ ಧೈರ್ಯ. ಎರಡೂ ಪ್ಲಾನಿನ ಸಂಖ್ಯೆಯನ್ನು ಯಜಮಾನರು ಕ್ಯಾಲ್ಕುಲೇಟರಿನಲ್ಲಿ ಕೂಡಿದರೆ ಮತ್ತೆ 52. `DISTINCT` ಒಂದೊಂದು ಗುಂಪಿನ ಒಳಗಷ್ಟೇ ನಕಲು ತೆಗೆಯುತ್ತದೆ. ಅಪ್ಪ 40ರ ಗುಂಪಿನಲ್ಲಿ ಒಮ್ಮೆ, 150ರ ಗುಂಪಿನಲ್ಲಿ ಒಮ್ಮೆ ಹಾಜರಿ ಹಾಕಿದ್ದ. ಮೇ ತಿಂಗಳಲ್ಲಿ ಅವನನ್ನು ಯಾವ ಪ್ಲಾನಿನವನೆಂದು ಕರೆಯಬೇಕು? ಇದನ್ನು ಯಂತ್ರ ಹೇಳುವುದಿಲ್ಲ, ನಾವು ತೀರ್ಮಾನಿಸಬೇಕು.

ಹುಡುಗ ಚುರುಕು. ‘ತಿಂಗಳ ಕೊನೇ ದಿನ ಯಾವ ಪ್ಲಾನಲ್ಲಿದಾರೋ ಅದು ಅಂತ ಇಟ್ಕಳಣ ಅಣ್ಣ’ ಅಂದ. ಆಲೋಚನೆಯಲ್ಲಿ ಹುರುಳಿದೆ. ಜನಗಣತಿಯವರೂ ಇದೇ ದಾರಿ ಹಿಡಿದವರು. 1931ರವರೆಗೆ ಒಂದೇ ರಾತ್ರಿಯಲ್ಲಿ ದೇಶವನ್ನೆಲ್ಲ ಎಣಿಸುವ ಸಾಹಸ ಮಾಡುತ್ತಿದ್ದರು. ಆಮೇಲೆ ಎಣಿಕೆಯನ್ನು ಹಲವು ದಿನಗಳಿಗೆ ಹಿಗ್ಗಿಸಿದರೂ ಒಂದು ಗಳಿಗೆಯನ್ನು ಗೊತ್ತುಮಾಡಿಕೊಂಡರು. 2011ರಲ್ಲಿ ಫೆಬ್ರವರಿ 9ರಿಂದ 28ರವರೆಗೆ ಎಣಿಸಿದರು, ಆದರೆ ಲೆಕ್ಕ ನಿಂತದ್ದು ಮಾರ್ಚ್ 1 ಹುಟ್ಟುವ ಮಧ್ಯರಾತ್ರಿಯ ಮೇಲೆ. ನಡುವೆ ಹುಟ್ಟಿದವರು, ಸತ್ತವರನ್ನು ಸರಿಪಡಿಸಲು ಮತ್ತೊಂದು ಸುತ್ತು ಮನೆಮನೆಗೆ ಹೋದರು. ಒಂದು ಗಳಿಗೆಯಲ್ಲಿ ಒಬ್ಬ ಮನುಷ್ಯ ಒಂದೇ ಕಡೆ ಇರುತ್ತಾನೆ. ಒಂದೇ ಪ್ಲಾನಿನಲ್ಲಿಯೂ ಇರುತ್ತಾನೆ, ಹಳೆಯದು ಮುಗಿದ ದಿನವೇ ಹೊಸದು ಶುರುವೆಂದು ಎರಡೂ ಸಾಲಿನಲ್ಲಿ ಒಂದೇ ತಾರೀಖು ಬರೆಯದಿದ್ದರೆ.

ಹಾಗೇ ಮಾಡಿದೆವು. ಸೇರುವಾಗ 40ರಲ್ಲಿ 38 ಜನ, 150ರಲ್ಲಿ 12 ಜನ. ಬಿಟ್ಟ ನಾಲ್ವರಲ್ಲಿ ಮೂವರು 40ರವರು, ಒಬ್ಬ 150ರವನು. ಐವರು ಮೇಲೇರಿದರು, ಒಬ್ಬ ಕೆಳಗಿಳಿದ. ತಿಂಗಳ ಕೊನೆಗೆ 40ರಲ್ಲಿ 31, 150ರಲ್ಲಿ 15. ಕೂಡಿದರೆ 46, ಸರಿಯಾಗಿದೆ. ಆದರೆ ಉಳಿಕೆ? 40ರದು 38ಕ್ಕೆ 31, ಶೇಕಡಾ 82ರ ಹತ್ತಿರ. 150ರದು 12ಕ್ಕೆ 15, ಶೇಕಡಾ 125!

ಒಬ್ಬನನ್ನೂ ಎರಡು ಸಲ ಎಣಿಸಿಲ್ಲ, ಆದರೂ ನೂರಿಪ್ಪತ್ತೈದು. ಜನ ಈ ಜಾಗದಲ್ಲಿ `DISTINCT` ಎಲ್ಲಿ ಬಿಟ್ಟುಹೋಯಿತೆಂದು ಇಡೀ ಮಧ್ಯಾಹ್ನ ಹುಡುಕುತ್ತಾರೆ. ದೋಷ ಅಲ್ಲಿಲ್ಲ. ಕೆಳಗಿನ 12 ಸೇರಿದಾಗಿನ ಪ್ಲಾನಿನದು, ಮೇಲಿನ 15 ಈಗಿನ ಪ್ಲಾನಿನದು. 40ರ ಪ್ಲಾನು ಸಾಕಿ ಬೆಳೆಸಿದ ಐವರ ಪುಣ್ಯವನ್ನು 150ರ ಖಾತೆಗೆ ಬರೆದು, ಪಾಪವನ್ನು 40ರ ತಲೆಗೆ ಕಟ್ಟಿದ್ದೇವೆ. ಇದನ್ನು ನಂಬಿ ಯಜಮಾನರು 40ರ ಪ್ಲಾನು ಕಿತ್ತಿದ್ದರೆ, ಮುಂದೆ 150ಕ್ಕೆ ಏರುವವರು ಬರುವ ಬಾಗಿಲನ್ನೇ ಮುಚ್ಚಿದಂತಾಗುತ್ತಿತ್ತು.

ಉಳಿಕೆಯ ಪ್ರಶ್ನೆಗೆ ನಾನು ಸೇರಿದಾಗಿನ ಪ್ಲಾನನ್ನೇ ಹಿಡಿಯುವವನು. ಒಬ್ಬ ಗಿರಾಕಿಗೆ ಒಂದು ಸಲ ಮುದ್ರೆ ಒತ್ತಿ, ಆಮೇಲೆ ಅವನು ಎಲ್ಲಿಗೆ ಹಾರಿದರೂ ಮುದ್ರೆ ಬದಲಿಸುವುದಿಲ್ಲ:

```sql
ROW_NUMBER() OVER (PARTITION BY cust_id
                   ORDER BY start_date, id) AS rn
```

`rn = 1` ಇರುವ ಸಾಲಿನ ಪ್ಲಾನೇ ಅವನ ಪ್ಲಾನು. ಕೊನೆಯ `id` ಅಲಂಕಾರಕ್ಕಲ್ಲ. ಬೆಳಿಗ್ಗೆ 40 ಹಾಕಿಸಿ ಸಂಜೆಗೇ 150 ಮಾಡಿಸುವವರು ಇದ್ದಾರೆ. ತಾರೀಖು ಒಂದೇ ಆದಾಗ ಯಾವುದು ಮೊದಲು ಎಂದು ತೀರ್ಮಾನಿಸಲು ಅದಿಲ್ಲದಿದ್ದರೆ ಒಂದೊಂದು ಸಲ ಓಡಿಸಿದಾಗ ಒಂದೊಂದು ಉತ್ತರ ಬಂದೀತು. ಈ ಲೆಕ್ಕದಲ್ಲಿ 40ರವರು 38ಕ್ಕೆ 35, 150ರವರು 12ಕ್ಕೆ 11. ಎರಡೂ ಶೇಕಡಾ 92ರ ಆಸುಪಾಸು. ಸೋರುವ ಪ್ಲಾನು ಯಾವುದೂ ಇರಲಿಲ್ಲ. ಈ ತಿಂಗಳು ಯಾವ ಪ್ಲಾನಿನಿಂದ ಎಷ್ಟು ದುಡ್ಡು ಎಂದು ಕೇಳಿದರೆ ಮಾತ್ರ ಹುಡುಗನ ತಿಂಗಳ ಕೊನೆಯ ಲೆಕ್ಕವೇ ಹತ್ತಿರದ್ದು. ಏರಿದವರು, ಇಳಿದವರು ಎಷ್ಟು ಎಂಬುದಕ್ಕೆ ಬೇರೆಯೇ ಒಂದು ಪಟ್ಟಿ ಇರಲಿ. ಮೂರನ್ನೂ ಒಂದೇ ಕೋಷ್ಟಕಕ್ಕೆ ತುರುಕುವ ಆಸೆಯೇ ಈ ರಗಳೆಯ ಬೇರು.

ಒಂದು ಗಂಟು ಮಾತ್ರ ಬಿಚ್ಚಲಿಲ್ಲ. ಕೆಲವು ಸಲ ಪ್ಲಾನು ಬದಲಿಸುವಾಗ ಆಫೀಸಿನವರು ಹಳೆಯ ಲಾಗಿನ್ನನ್ನೇ ಮುಚ್ಚಿ ಹೊಸ `cust_id` ಕೊಟ್ಟಿದ್ದರು. ಅಂಥವನು ಏಪ್ರಿಲ್ ಬ್ಯಾಚಿನಲ್ಲಿ ಸತ್ತು ಮೇ ಬ್ಯಾಚಿನಲ್ಲಿ ಹುಟ್ಟಿದ್ದ. ಫೋನ್ ನಂಬರು ಹಿಡಿದು ಹೊಂದಿಸಲು ಹೋದರೆ, ಮನೆಗೊಂದು ಅಡಿಕೆ ಅಂಗಡಿಗೊಂದು ಕನೆಕ್ಷನ್ ಇರುವವರು ಒಂದೇ ನಂಬರು ಕೊಟ್ಟು ಇಬ್ಬರಾಗಬೇಕಾದ ಕಡೆ ಒಬ್ಬರಾಗಿಬಿಟ್ಟರು. ಅಂಥ ಹೆಸರುಗಳನ್ನು ಬೇರೆ ಬರೆದುಕೊಟ್ಟು, ಲೈನ್ ಹುಡುಗರನ್ನೇ ಕೇಳಿ ಎಂದೆ. ಯಾರ ಮನೆಯ ವೈರು ಯಾವ ಕಂಬದಿಂದ ಹೋಗಿದೆ ಎಂಬುದು ಅವರಿಗೆ ಗೊತ್ತು.

ಯಜಮಾನರು ಹೊಸ ವರದಿಯನ್ನು ಮೇಲಿಂದ ಕೆಳಗೆ ನೋಡಿದರು. ‘ಅಲ್ಲ ಕಣ್ರಿ, 92 ಅಂದ್ರೆ ಚೆನ್ನಾಗೇ ಐತೆ’ ಎಂದು ಸ್ವಲ್ಪ ತಡೆದು, ದನಿ ತಗ್ಗಿಸಿ, ‘ಆದ್ರೆ ಆ 104ರ ಕಾಗದಾನ ಸಾಲಕ್ಕೆ ಅಂತ ಬ್ಯಾಂಕಿಗೆ ಕೊಟ್ಟಾಗೈತೆ’ ಅಂದರು.

‘ಅವರೇನಂದ್ರು?’

‘ಮ್ಯಾನೇಜ್ರು ಭಾಳ ಖುಷಿಯಾದ್ರು.’